ಮಾತ್ರೆ ಕೊಟ್ಟರೂ ಹುಡುಗಿಯರ ರಕ್ತ ಏರ್ತಿಲ್ಲ: ಶಾಲೆ, ತೋಟ, ಊರು ಮೂರನ್ನೂ ಸೇರಿಸಿ ಏನು ಮಾಡೋದು?

ಸಮಿತಿಗೆ_ಹೊಸಬಳು (ಸೋಮವಾರಪೇಟೆ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ನನ್ನನ್ನ ಹೊಸದಾಗಿ ಸೇರಿಸಿದ್ದಾರೆ. ಓದಿದ್ದು ಬಿ.ಕಾಂ., ಆರೋಗ್ಯದ ವಿಷಯ ಅಷ್ಟಕ್ಕಷ್ಟೆ. ತರಬೇತಿಯಲ್ಲಿ ಒಬ್ಬರು ಬೋರ್ಡ್ ಮೇಲೆ ಮೂರು ವೃತ್ತ ಬರೆದು ಶಾಲೆ, ಕೆಲಸದ ಜಾಗ, ಹಳ್ಳಿ ಅಂದರು. "ಸೆಟ್ಟಿಂಗ್ಸ್ ಅಪ್ರೋಚ್‌ನಲ್ಲಿ ಯೋಜನೆ ಬರೆದುಕೊಂಡು ಬನ್ನಿ" ಅಂತ ಹೇಳಿ ಊಟಕ್ಕೆ ಬಿಟ್ಟರು. ನನಗೆ ತಲೆಬುಡ ಅರ್ಥ ಆಗಲಿಲ್ಲ.

ನಮ್ಮ ಸಮಸ್ಯೆ ಇದು. ಊರಿನ ಹೈಸ್ಕೂಲಿನಲ್ಲಿ ಹಿಮೋಗ್ಲೋಬಿನ್ ನೋಡಿದಾಗ ಹುಡುಗಿಯರಲ್ಲಿ ತುಂಬ ಜನಕ್ಕೆ ಕಡಿಮೆ ಬಂತು. ಅದರಲ್ಲೂ ತೋಟದ ಕೂಲಿಯವರು ಇರೋ ಲೈನ್ ಮನೆಗಳಿಂದ ಬರೋ ಮಕ್ಕಳಿಗೆ ಹೆಚ್ಚು. ಎಂಟನೇ ಕ್ಲಾಸಿನ ಒಬ್ಬಳಿಗೆ 9.2. ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡ್ತಿದ್ದಾರೆ, ಹುಳದ ಮಾತ್ರೆನೂ ಕೊಟ್ಟಿದ್ದಾರೆ. ಸೊಪ್ಪು ತಿನ್ನಿ ಅಂತ ಭಾಷಣ ಆಗಿದೆ, ಚಿತ್ರ ಬಿಡಿಸೋ ಸ್ಪರ್ಧೆನೂ ಆಗಿದೆ. ಮುಂದಿನ ವರ್ಷ ಪರೀಕ್ಷೆ ಮಾಡಿದರೆ ಮತ್ತೆ ಅಲ್ಲೇ ಇದೆ. ಇದಕ್ಕಿಂತ ಇನ್ನೇನು ಮಾಡಬಹುದು? ಆ ಮೂರು ವೃತ್ತಕ್ಕೂ ಇದಕ್ಕೂ ಏನು ಸಂಬಂಧ? ದಯವಿಟ್ಟು ಸುಲಭವಾಗಿ ಹೇಳಿ.

ನಡಿಗೆ_ಕ್ಲಬ್_ಮಡಿಕೇರಿ

ಒಳ್ಳೆ ವಿಷಯ ಮೇಡಂ. ದಿನಾ ಅರ್ಧ ಗಂಟೆ ನಡಿಗೆ, ಬೆಳಿಗ್ಗೆ ಯೋಗ ಅಂತ ಶಾಲೆಯಲ್ಲಿ ಶುರು ಮಾಡಿಸಿ. ತೋಟದ ಕೆಲಸದವರಿಗೂ ಒಂದು ವಾಕಥಾನ್ ಇಟ್ಟರೆ ಜಾಗೃತಿ ಬರ್ತದೆ. ಬೇಕಾದರೆ ಟೀ ಶರ್ಟಿಗೆ ನಾವು ಸಹಾಯ ಮಾಡ್ತೇವೆ.

ತೋಟದ_ರೈಟರ್

ಸ್ವಾಮಿ, ಬೆಳಿಗ್ಗೆ ಹಾಜರಿಯಿಂದ ಸಂಜೆ ತೂಕದ ತನಕ ಇಳಿಜಾರಲ್ಲಿ ಹತ್ತಿ ಇಳಿದು ಚೀಲ ಹೊರೋರಿಗೆ ವಾಕಥಾನ್ ಯಾಕೆ? ಟೀ ಶರ್ಟ್ ಕೊಡಿ, ಅದು ಬೇಡ ಅನ್ನಲ್ಲ.

ರೋಬಸ್ಟಾ_ರಾಜ

ನಾನು ತೋಟದ ಮಾಲೀಕ, ನೇರವಾಗಿ ಹೇಳ್ತೇನೆ. ಮಾತ್ರೆ ಸರಿಯಾಗಿ ನುಂಗಿದರೆ ರಕ್ತ ಏರಲೇಬೇಕು. ಏರಿಲ್ಲ ಅಂದರೆ ನುಂಗಿಲ್ಲ ಅಂತ ಅರ್ಥ. ಇದರಲ್ಲಿ ಮೂರು ವೃತ್ತ ಎಲ್ಲಿಂದ ಬಂತು? ಮಕ್ಕಳು ಎದುರಿಗೇ ನುಂಗೋ ಹಾಗೆ ನೋಡಿಕೊಳ್ಳಲಿ. ಲೈನಿನವರು ಕೂಲಿ ದುಡ್ಡಲ್ಲಿ ಸ್ವಲ್ಪ ಮೊಟ್ಟೆ ಸೊಪ್ಪಿಗೆ ಹಾಕಲಿ, ಎಲ್ಲ ಬ್ರಾಂದಿ ಅಂಗಡಿಗೆ ಹಾಕೋದು ಬಿಡಲಿ. ಅಷ್ಟೇ.

ಮೇಷ್ಟ್ರು_ವಿರಾಜಪೇಟೆ

ನುಂಗಿಲ್ಲ ಅನ್ನೋದು ಅರ್ಧ ನಿಜ ರಾಜಣ್ಣ. ನಮ್ಮ ಶಾಲೆಯಲ್ಲಿ ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಮಾತ್ರೆ ಹಂಚ್ತಿದ್ವಿ. ರಿಜಿಸ್ಟರಿನಲ್ಲಿ ನೂರಕ್ಕೆ ನೂರು. ಒಂದು ಮಳೆ ಬಂದಮೇಲೆ ನೋಡಿದರೆ ಒಂಬತ್ತನೇ ಕ್ಲಾಸಿನ ಕಿಟಕಿ ಆಚೆ ಸಜ್ಜದ ಮೇಲೆಲ್ಲ ಮಾತ್ರೆಯ ನೀಲಿ ಬಣ್ಣ ಕರಗಿ ಹರಿದಿತ್ತು. ಎಸೆದವರನ್ನ ಬೈಯೋ ಬದಲು ಯಾಕೆ ಅಂತ ಕೇಳಿದ್ವಿ. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸ್ತದೆ, ವಾಂತಿ ಬಂದ ಹಾಗೆ ಆಗ್ತದೆ. ಮರುದಿನ ಕಕ್ಕಸು ಕಪ್ಪಗೆ ಹೋಗ್ತದೆ. ಒಬ್ಬಳಿಗೆ ಭಯ ಆಗಿ ಇಡೀ ಕ್ಲಾಸಿಗೆ ಹಬ್ಬಿಸಿದ್ದಳು.

ಆಮೇಲೆ ಮಧ್ಯಾಹ್ನದ ಊಟ ಆದಮೇಲೆ, ತಟ್ಟೆ ತೊಳೆಯೋ ಮುಂಚೆ ಕೊಡೋಕೆ ಶುರು ಮಾಡಿದ್ವಿ. ಹಾಲು ಬೆಳಿಗ್ಗೆ, ಮಾತ್ರೆ ಮಧ್ಯಾಹ್ನ. ಎರಡೂ ಒಟ್ಟಿಗೆ ಆದರೆ ಕಬ್ಬಿಣ ಸರಿಯಾಗಿ ಹೀರಲ್ಲ. ಕಪ್ಪಗೆ ಹೋಗೋದು ಮಾತ್ರೆಯ ಗುಣ, ಹೆದರಬೇಡಿ ಅಂತ ಮೊದಲೇ ಹೇಳಿದ್ವಿ. ಸಜ್ಜದ ಮೇಲೆ ನೀಲಿ ನಿಂತಿತು. ಆದರೆ ಲೈನ್ ಮನೆ ಮಕ್ಕಳ ರಕ್ತ ನಮ್ಮಲ್ಲೂ ಹೇಳಿಕೊಳ್ಳೋ ಹಾಗೆ ಏರಲಿಲ್ಲ. ಆ ಪ್ರಶ್ನೆ ನನ್ನದೂ ಹೌದು.

ಸೊಸೆ_ಮನೆಯಿಂದ

ನನ್ನದೊಂದು ಸಂಶಯ. ನಾನು ಐದು ತಿಂಗಳ ಬಸುರಿ, ಹಿಮೋಗ್ಲೋಬಿನ್ 10.1 ಇದೆ. ಕಬ್ಬಿಣದ ಮಾತ್ರೆ ತಿಂಡಿ ಆದಕೂಡಲೇ ತಗೊಳ್ತೇನೆ, ಕಾಫಿ ಜೊತೆಗೆ. ನಮ್ಮನೇಲಿ ಬೆಲ್ಲದ ಕಾಫಿ ಇಲ್ಲದೆ ಯಾವುದೂ ಗಂಟಲಲ್ಲಿ ಇಳಿಯಲ್ಲ. ಬೆಲ್ಲದಲ್ಲಿ ಕಬ್ಬಿಣ ಇದೆ ಅಂತ ಅತ್ತೆ ಹೇಳ್ತಾರೆ. ಸರಿ ತಾನೆ?

ನಿವೃತ್ತ_ಹೆಲ್ತ್_ಇನ್ಸ್‌ಪೆಕ್ಟರ್

ತಂಗಿ, ಮೊದಲು ನಿನಗೆ ಉತ್ತರ. ಕಾಫಿ, ಚಹಾ ಎರಡೂ ಕಬ್ಬಿಣವನ್ನ ಹೊಟ್ಟೆಯಲ್ಲೇ ಹಿಡಿದುಬಿಡ್ತವೆ, ರಕ್ತಕ್ಕೆ ಹೋಗೋಕೆ ಬಿಡಲ್ಲ. ಬೆಲ್ಲದಿಂದ ಸಿಗೋ ಕಬ್ಬಿಣ ಆ ನಷ್ಟಕ್ಕೆ ಸಾಟಿ ಅಲ್ಲ. ಮಾತ್ರೆ ನೀರಿನಲ್ಲಿ ನುಂಗು, ನಿಂಬೆ ಪಾನಕ ಇದ್ದರೆ ಇನ್ನೂ ಒಳ್ಳೆಯದು. ಕಾಫಿಗೆ ಮುಂಚೆ ಹಿಂದೆ ಒಂದೊಂದು ಗಂಟೆ ಬಿಡು. ಕ್ಯಾಲ್ಸಿಯಂ ಮಾತ್ರೆನೂ ಕೊಟ್ಟಿರ್ತಾರೆ, ಅದು ಬೇರೆ ಹೊತ್ತಿಗೆ. ನಿನ್ನ ಅಂಕಿಯನ್ನ ಎ.ಎನ್.ಎಂ. ಅವರಿಗೆ ತೋರಿಸಿ ಡೋಸ್ ಸರಿಯಾಗಿದೆಯಾ ಅಂತ ಕೇಳು.

ಈಗ ಸಮಿತಿಯ ತಂಗಿಗೆ. 1986ರಲ್ಲಿ ಕೆನಡಾದ ಒಟ್ಟಾವದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಸಮ್ಮೇಳನ ನಡೆಸ್ತು. ಆರೋಗ್ಯ ಹುಟ್ಟೋದು ಆಸ್ಪತ್ರೆಯಲ್ಲಲ್ಲ, ಜನ ದಿನಾ ಕಲಿಯೋ, ದುಡಿಯೋ, ಬಾಳೋ ಜಾಗದಲ್ಲಿ ಅನ್ನೋ ಮಾತು ಅಲ್ಲಿಂದ ಗಟ್ಟಿಯಾಯ್ತು. ನಿನ್ನ ಮೂರು ವೃತ್ತ ಅದರ ಮರಿ. ಆದರೆ ಹೆಚ್ಚಿನವರು ಇಲ್ಲೇ ಎಡವೋದು: ಶಾಲೆಗೆ ಹೋಗಿ ಭಾಷಣ ಮಾಡಿದರೆ ಶಾಲೆಯನ್ನ ಬರೀ ಸಭಾಂಗಣದ ಥರ ಬಳಸಿದ ಹಾಗೆ. ಶಾಲೆಯೊಳಗಿನ ಪದ್ಧತಿಯನ್ನೇ ಬದಲಿಸೋದು ಇನ್ನೊಂದು. ಮೇಷ್ಟ್ರು ಮಾತ್ರೆಯ ಹೊತ್ತನ್ನ ಊಟದ ನಂತರಕ್ಕೆ ತಂದರಲ್ಲ, ಅದು ಎರಡನೇ ಜಾತಿಯದು. ಯಾವ ಮಗುವಿಗೂ ಬುದ್ಧಿ ಹೇಳಲಿಲ್ಲ, ವೇಳಾಪಟ್ಟಿ ಬದಲಿಸಿದರು, ಮಾತ್ರೆ ಹೊಟ್ಟೆಗೆ ಹೋಯ್ತು.

ಇನ್ನು ಆ 9.2ರ ಹುಡುಗಿ. ಅವಳ ಒಂದು ದಿನವನ್ನ ನೋಡು. ರಾತ್ರಿ ಮಲಗೋದು ಲೈನ್ ಮನೆಯಲ್ಲಿ, ಹಗಲು ಶಾಲೆ, ಸಂಜೆ ಅಮ್ಮನ ಜೊತೆ ತೋಟದಲ್ಲಿ ಸೌದೆಯೋ ಉದುರಿದ ಕಾಫಿಯೋ ಆಯೋದು. ಶಾಲೆ ಅವಳಿಗೆ ವಾರಕ್ಕೆ ಒಂದು ಮಾತ್ರೆ ಕೊಡ್ತದೆ. ಮಿಕ್ಕ ಎರಡು ಜಾಗ ಅವಳಿಂದ ಏನು ಕಿತ್ಕೊಳ್ತವೆ ಅಂತ ಯಾರಾದರೂ ಲೆಕ್ಕ ಹಾಕಿದ್ದೀರಾ?

ರೋಬಸ್ಟಾ_ರಾಜ

ತೋಟ ಕಿತ್ಕೊಳ್ತದೆ ಅಂದರೆ? ಕೆಲಸ, ಮನೆ, ಕರೆಂಟು ಕೊಟ್ಟೋರು ನಾವು. ಆರೋಪ ಮಾಡೋ ಮುಂಚೆ ಬಿಡಿಸಿ ಹೇಳಿ ಸಾರ್.

ನಿವೃತ್ತ_ಹೆಲ್ತ್_ಇನ್ಸ್‌ಪೆಕ್ಟರ್

ಆರೋಪ ಅಲ್ಲ ರಾಜಣ್ಣ, ಕೊಕ್ಕೆಹುಳದ ಲೆಕ್ಕ. ಈ ಹುಳ ಇರೋ ಮನುಷ್ಯ ಬಯಲಲ್ಲಿ ಕೂತರೆ ಸಾವಿರಾರು ಮೊಟ್ಟೆ ಮಣ್ಣಿಗೆ ಬೀಳ್ತವೆ. ಬಿಸಿಲು ಬಿದ್ದ ಒಣ ನೆಲದಲ್ಲಿ ಅವು ಸಾಯ್ತವೆ. ನೆರಳು, ತೇವ, ಹದವಾದ ಬಿಸಿ ಇದ್ದರೆ ಒಂದೆರಡು ದಿನದಲ್ಲಿ ಮರಿ ಆಗ್ತದೆ, ವಾರ ಹತ್ತು ದಿನದಲ್ಲಿ ಕಚ್ಚೋಕೆ ತಯಾರಾಗಿ ಮೂರ್ನಾಲ್ಕು ವಾರ ಮಣ್ಣಲ್ಲೇ ಕಾಯ್ತದೆ. ಸಿಲ್ವರ್ ಮರ, ಹಾಲವಾಣದ ನೆರಳು, ಉದುರಿದ ಎಲೆಯ ಹೊದಿಕೆ: ಕಾಫಿ ಗಿಡಕ್ಕೆ ನಾವು ಮಾಡಿಕೊಟ್ಟ ಹದವೇ ಅದಕ್ಕೂ ಬೇಕಾದ್ದು. ಬರಿಗಾಲು ಮೆಟ್ಟಿದರೆ ಚರ್ಮ ತೂರಿ ರಕ್ತಕ್ಕೆ ಇಳಿದು, ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಹತ್ತಿ, ನುಂಗಿದಾಗ ಕರುಳು ಸೇರ್ತದೆ. ಅಲ್ಲಿ ಗೋಡೆ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರ್ತದೆ.

ನಮ್ಮಲ್ಲಿ ಸಾಮಾನ್ಯವಾದ ಜಾತಿಯ ಒಂದು ಹುಳ ದಿನಕ್ಕೆ ಸುಮಾರು 0.03 ಮಿ.ಲೀ. ರಕ್ತ ಕಳೆಯುತ್ತೆ. ನೂರು ಹುಳ ಇದ್ದರೆ 3 ಮಿ.ಲೀ. ಅದರಲ್ಲಿ ಹೋಗೋ ಕಬ್ಬಿಣ ಹೆಚ್ಚು ಕಡಿಮೆ 1 ಮಿಲಿಗ್ರಾಂ. ಸ್ವಲ್ಪ ಭಾಗ ಕರುಳು ಮತ್ತೆ ಹೀರಿಕೊಳ್ಳುತ್ತೆ ಅನ್ನಿ. ಆದರೂ ವಾರಕ್ಕೆ ನಾಲ್ಕೈದು ಮಿಲಿಗ್ರಾಂ ಹೋಯ್ತು, ಜೊತೆಗೆ ಮುಟ್ಟಿನದು ಬೇರೆ. ಈ ಕಡೆ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದ್ದರೂ ಮೈಗೆ ಹತ್ತೋದು ಅದರ ಹತ್ತರಲ್ಲಿ ಒಂದೆರಡು ಪಾಲು, ಅಂದರೆ 6ರಿಂದ 12. ಒಂದು ಕಡೆ ತುಂಬಿದ್ದು ಇನ್ನೊಂದು ಕಡೆ ಸೋರಿದರೆ ಅಂಕಿ ಅಲ್ಲೇ ನಿಲ್ತದೆ. ಮಾತ್ರೆ ನುಂಗಿಯೂ ಏರದೆ ಇರೋದಕ್ಕೆ ಸುಳ್ಳೇ ಬೇಕಾಗಿಲ್ಲ.

ಇನ್ನೊಂದು ವಿಷಯ. ವಾರಕ್ಕೊಂದು ಮಾತ್ರೆ ರಕ್ತ ಕಡಿಮೆ ಆಗದ ಹಾಗೆ ತಡೆಯೋಕೆ. 9.2 ಅಂದರೆ ಆಗಲೇ ಮಧ್ಯಮ ರಕ್ತಹೀನತೆ. ಅವಳಿಗೆ ದಿನಾ ಮಾತ್ರೆ, ಮೂರು ತಿಂಗಳ ಚಿಕಿತ್ಸೆ ಬೇಕು, ಅದನ್ನ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಮಾಡಿಸಬೇಕು. ಶಾಲೆಯ ಪಟ್ಟಿ ಕೇಂದ್ರಕ್ಕೆ ತಲುಪಿದೆಯಾ ಅಂತ ನಾಳೆಯೇ ವಿಚಾರಿಸು.

ಸಮಿತಿಗೆ_ಹೊಸಬಳು

ಪಟ್ಟಿ ಹೆಡ್‌ಮಾಸ್ಟರ್ ಬೀರುವಿನಲ್ಲಿತ್ತಂತೆ ಸರ್. ಇವತ್ತು ಫೋಟೋ ತೆಗೆದು ಕೇಂದ್ರದ ಡಾಕ್ಟರಿಗೆ ಕಳಿಸಿದೆ. ಆದರೆ ಹುಳದ ಮಾತ್ರೆ ಫೆಬ್ರವರಿ, ಆಗಸ್ಟ್ ಅಂತ ವರ್ಷಕ್ಕೆ ಎರಡು ಸಲ ಕೊಡ್ತಾರಲ್ಲ. ಹುಳ ಸತ್ತಮೇಲೆ ರಕ್ತ ಯಾಕೆ ಸೋರಬೇಕು?

ತೋಟದ_ರೈಟರ್

ಇದಕ್ಕೆ ನಾನು ಹೇಳ್ತೇನೆ, ದಿನಾ ಕಣ್ಣಾರೆ ನೋಡೋದು. ಕುಯ್ಲಿನ ಹೊತ್ತಲ್ಲಿ ಕೂಲಿ ಕೆಜಿ ಲೆಕ್ಕ. ಲೈನಿನಲ್ಲಿ ಕಕ್ಕಸು ಇದೆ, ಸರಿ. ಕುಯ್ಯೋ ಬ್ಲಾಕ್ ಅಲ್ಲಿಂದ ಎಷ್ಟೋ ದೂರ, ನಡುವೆ ತೋಡು, ಏರು. ಹೋಗಿ ಬರೋಷ್ಟರಲ್ಲಿ ಒಂದು ಬುಟ್ಟಿ ಹಣ್ಣು ಹೋಯ್ತು. ಯಾರು ಹೋಗ್ತಾರೆ? ಅಲ್ಲೇ ಗಿಡದ ಮರೆ. ಹೆಂಗಸರಂತೂ ಮಧ್ಯಾಹ್ನದ ತನಕ ನೀರೇ ಕುಡಿಯಲ್ಲ, ಎದ್ದು ಹೋಗಬೇಕಾಗ್ತದೆ ಅಂತ.

ಚಪ್ಪಲಿ ಹಾಕಿ ಅಂತ ಹೇಳೋದು ಸುಲಭ. ಹವಾಯಿ ಚಪ್ಪಲಿಯಲ್ಲಿ ಚೀಲ ಹೊತ್ತು ಇಳಿಜಾರು ಇಳಿದು ನೋಡಿ, ಜಾರಿ ಬೀಳ್ತೀರಿ. ಅದಕ್ಕೆ ಬುಡದಲ್ಲಿ ಬಿಚ್ಚಿಟ್ಟು ಹತ್ತೋದು. ಮಳೆಗಾಲದಲ್ಲಿ ಇಂಬಳಕ್ಕೆ ಹೆದರಿ ಕೆಲವರು ಗಂಬೂಟ್ ಹಾಕ್ತಾರೆ, ಕುಯ್ಲಿಗೆ ಯಾರೂ ಹಾಕಲ್ಲ.

ಮತ್ತೆ ಆ ಹುಳದ ಮಾತ್ರೆ ಶಾಲೆ ಅಂಗನವಾಡಿಯಲ್ಲಿ ಮಕ್ಕಳಿಗೆ ಕೊಡ್ತಾರೆ. ಅಮ್ಮ ಅಪ್ಪನಿಗೆ, ಅಸ್ಸಾಂ ಜಾರ್ಖಂಡ್‌ನಿಂದ ಬಂದವರಿಗೆ ಯಾರು ಕೊಟ್ಟಿದ್ದಾರೆ? ನಾನಂತೂ ನೋಡಿಲ್ಲ.

ನಿವೃತ್ತ_ಹೆಲ್ತ್_ಇನ್ಸ್‌ಪೆಕ್ಟರ್

ರೈಟರ್ ಹೇಳಿದ್ದರಲ್ಲೇ ಎಲ್ಲ ಬಂತು. ಹುಳ ನಿರ್ಮೂಲನ ದಿನದ ಮಾತ್ರೆ ಮುಖ್ಯವಾಗಿ 1ರಿಂದ 19 ವರ್ಷದವರಿಗೆ. ಕೊಕ್ಕೆಹುಳದ ಹೊರೆ ಮಾತ್ರ ಮಣ್ಣಲ್ಲಿ ದುಡಿಯೋ ದೊಡ್ಡವರಲ್ಲೇ ಹೆಚ್ಚು. ಮಗುವಿನ ಹೊಟ್ಟೆ ತೊಳೆದು, ಅದೇ ಮಣ್ಣಿಗೆ ವಾಪಸ್ ಕಳಿಸ್ತೇವೆ. ಆ ಆಲ್ಬೆಂಡಜೋಲ್ ಮಾತ್ರೆ ಕರುಳಲ್ಲಿರೋ ಹುಳವನ್ನ ಹೊರಹಾಕುತ್ತೆ, ಒಂದೇ ಡೋಸಿಗೆ ಎಲ್ಲರದ್ದೂ ಪೂರ್ತಿ ಹೋಗಲ್ಲ, ಮಣ್ಣಿನ ಮರಿಗಂತೂ ಏನೂ ಆಗಲ್ಲ. ಹೊಸದಾಗಿ ಕಾಲಿಗೆ ಹೊಕ್ಕ ಮರಿ ಒಂದೂವರೆ ಎರಡು ತಿಂಗಳಲ್ಲಿ ಬಲಿತು ಮೊಟ್ಟೆ ಇಡ್ತದೆ. ಆಗಸ್ಟಿನ ಮಾತ್ರೆಯ ಲಾಭ ಪುತ್ತರಿ ಹೊತ್ತಿಗೆ ಕರಗಿರ್ತದೆ, ಕುಯ್ಲು ಶುರು ಆಗೋದೂ ಆಗಲೇ.

ಅದಕ್ಕೇ ಮೂರು ಜಾಗ ಒಟ್ಟಿಗೆ ಬೇಕು ಅನ್ನೋದು. ಶಾಲೆಯಲ್ಲಿ ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಬೇರೆ ಎರಡು ಕಡೆ ಬಾಗಿಲು ತೆರೆದಿದ್ದರೆ ಪ್ರಯೋಜನ ಇಲ್ಲ.

ಲ್ಯಾಬ್_ಅಕ್ಕ

ಸ್ವಲ್ಪ ತಡೀರಿ. ಇಷ್ಟೆಲ್ಲ ಹೇಳ್ತಿದ್ದೀರಿ, ಆ ಮಕ್ಕಳಿಗೆ ಕೊಕ್ಕೆಹುಳ ಇದೆ ಅಂತ ಯಾರು ನೋಡಿದ್ದು? ರಕ್ತ ಕಡಿಮೆ ಅಂದಕೂಡಲೇ ಹುಳ ಅನ್ನೋಕಾಗಲ್ಲ. ಮಲ ಪರೀಕ್ಷೆ ಮಾಡಿಸಿ.

ಅದರಲ್ಲೂ ಒಂದು ಮೋಸ ಇದೆ. ಕ್ಯಾಟೊ ಕಾಟ್ಜ್ ವಿಧಾನದಲ್ಲಿ ಸ್ಲೈಡ್ ಮಾಡಿ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ನೋಡಬೇಕು. ಕೊಕ್ಕೆಹುಳದ ಮೊಟ್ಟೆ ತುಂಬ ತೆಳು, ಗ್ಲಿಸರಿನ್‌ನಲ್ಲಿ ಬೇಗ ಮಾಯ ಆಗ್ತದೆ. ದುಂಡುಹುಳದ ಮೊಟ್ಟೆ ಹಾಗಲ್ಲ, ಗಟ್ಟಿ, ಮಾರನೇ ದಿನವೂ ಕಾಣ್ತದೆ. ಬೆಳಿಗ್ಗೆ ಸ್ಲೈಡ್ ಹಾಕಿಟ್ಟು ಮಧ್ಯಾಹ್ನ ಪುರುಸೊತ್ತಲ್ಲಿ ನೋಡಿದರೆ "ದುಂಡುಹುಳ ಇದೆ, ಕೊಕ್ಕೆಹುಳ ಇಲ್ಲ" ಅಂತ ರಿಪೋರ್ಟ್ ಬರ್ತದೆ, ಎಲ್ಲರೂ ನೆಮ್ಮದಿಯಾಗಿ ಮಲಗ್ತಾರೆ. ಡಬ್ಬಿಗಳನ್ನ ಜೀಪಲ್ಲಿ ದಿನವಿಡೀ ಸುತ್ತಿಸಿ ತಂದರೂ ಕಷ್ಟ. ಎಲ್ಲರದ್ದೂ ಬೇಡ, ಲೈನಿನ ಒಂದಷ್ಟು ಮಕ್ಕಳದ್ದು, ಅವರ ಅಮ್ಮಂದಿರದ್ದು ಸಾಕು. ಆದರೆ ತಾಜಾ ಇರಬೇಕು.

ಹಿಮೋಗ್ಲೋಬಿನ್ ಯಂತ್ರದ ಅಂಕಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ನಮ್ಮ ಚಳಿಯಲ್ಲಿ ಬೆರಳು ಮಂಜುಗಡ್ಡೆ. ರಕ್ತ ಬರಲಿಲ್ಲ ಅಂತ ಹಿಂಡಿದರೆ ಮಾಂಸದ ನೀರು ಸೇರಿ ಅಂಕಿ ಕೆಳಗೆ ಬರ್ತದೆ. ಕೈ ಬೆಚ್ಚಗೆ ಮಾಡಿಸಿ, ಮೊದಲ ಹನಿ ಒರೆಸಿ, ತಾನಾಗಿ ಬಂದ ಹನಿ ತಗೊಳ್ಳಿ. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸೋದಾದರೆ ಅದೇ ತಿಂಗಳು, ಅದೇ ಥರದ ಯಂತ್ರ ಇರಲಿ.

ಹಾಡಿ_ಹುಡುಗ

ಅಕ್ಕ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೇನೆ. ನಾನು ತಿತಿಮತಿ ಕಡೆಯ ಹಾಡಿಯವನು. ನನ್ನ ತಮ್ಮನಿಗೆ ಚಿಕ್ಕಂದಿನಿಂದ ರಕ್ತ ಕಡಿಮೆ, ಕೈಕಾಲು ನೋವು ಅಂತ ಅಳ್ತಿದ್ದ. ಎಲ್ಲಿ ಹೋದರೂ ಕಬ್ಬಿಣದ ಟಾನಿಕ್ ಬರೆದುಕೊಟ್ಟರು. ಕೊನೆಗೆ ಬೇರೆ ರಕ್ತ ಪರೀಕ್ಷೆ ಮಾಡಿಸಿದಾಗ ವಂಶದಿಂದ ಬರೋ ಕುಡಗೋಲು ಕಣ ಕಾಯಿಲೆ ಅಂತ ಗೊತ್ತಾಯ್ತು. ಅವನಿಗೆ ಹುಳನೂ ಅಲ್ಲ, ಸೊಪ್ಪಿನ ಕೊರತೆನೂ ಅಲ್ಲ. ಹಾಡಿ ಮಕ್ಕಳನ್ನ ನೋಡಿ "ಇವರು ಸರಿಯಾಗಿ ತಿನ್ನಲ್ಲ" ಅಂತ ಹೇಳೋ ಮುಂಚೆ ಆ ಪರೀಕ್ಷೆನೂ ಮಾಡಿಸಿ.

ನಿವೃತ್ತ_ಹೆಲ್ತ್_ಇನ್ಸ್‌ಪೆಕ್ಟರ್

ತಮ್ಮಾ, ಸರಿಯಾಗಿ ಹೇಳಿದೆ. ನೀಲಗಿರಿ ಸೀಮೆಯ ಬುಡಕಟ್ಟುಗಳಲ್ಲಿ ಈ ಕಾಯಿಲೆ ಇದೆ ಅಂತ 1952ರಲ್ಲೇ ಗೊತ್ತಾಗಿತ್ತು. ರಾಷ್ಟ್ರೀಯ ಅಭಿಯಾನ ಶುರುವಾಗಿದ್ದು 2023ರಲ್ಲಿ. ಇಂಥವರಿಗೆ, ಅದರಲ್ಲೂ ಪದೇ ಪದೇ ರಕ್ತ ಹಾಕಿಸಿಕೊಂಡವರಿಗೆ, ಮೈಯಲ್ಲಿ ಕಬ್ಬಿಣ ಆಗಲೇ ಹೆಚ್ಚಾಗಿರಬಹುದು. ಡಾಕ್ಟರು ನೋಡದೆ ಸುಮ್ಮನೆ ಮಾತ್ರೆ ಸುರಿಯೋ ಹಾಗಿಲ್ಲ. ಮೂರು ತಿಂಗಳ ಚಿಕಿತ್ಸೆಗೂ ಏರದ ಮಗುವನ್ನ ಮುಂದಿನ ಪರೀಕ್ಷೆಗೆ ಕಳಿಸಲೇಬೇಕು.

ರೋಬಸ್ಟಾ_ರಾಜ

ಸರಿ, ಹುಳದ ಲೆಕ್ಕ ಒಪ್ಪಿದೆ. ಈಗ ನನ್ನ ಕಷ್ಟ ಕೇಳಿ. ಲೈನಿನಲ್ಲಿ ಕಕ್ಕಸು ಕಟ್ಟಿಸಿಕೊಟ್ಟೆ. ಹೋಗಿ ನೋಡಿದರೆ ಒಂದರಲ್ಲಿ ಸೌದೆ, ಇನ್ನೊಂದರಲ್ಲಿ ಕೋಳಿ. ಕಟ್ಟಿಸಿದ ಮೇಲೂ ಬಳಸದೆ ಇದ್ದರೆ ಮಾಲೀಕ ಏನು ಮಾಡಬೇಕು?

ತೋಟದ_ರೈಟರ್

ರಾಜಣ್ಣ, ಬೇಜಾರು ಮಾಡಬೇಡಿ. ನಮ್ಮಲ್ಲೂ ಹಾಗೇ ಆಗಿತ್ತು. ಕಕ್ಕಸಿಗೆ ನಲ್ಲಿ ಇರಲಿಲ್ಲ. ಕುಡಿಯೋ ನೀರಿಗೇ ಸಾಲಲ್ಲಿ ನಿಂತು ಕೊಡ ತರೋ ಹೆಂಗಸು ಕಕ್ಕಸಿಗೆ ಎರಡು ಬಕೆಟ್ ಎಲ್ಲಿಂದ ತರ್ತಾಳೆ? ಮಳೆಗಾಲದಲ್ಲಿ ಇನ್ನೊಂದು ಕಥೆ: ಗುಂಡಿಯೊಳಗೆ ಒರತೆ ಬಂದು ತುಂಬಿ, ಹಾಕಿದ ನೀರು ವಾಪಸ್ ಬರೋಕೆ ಶುರು. ಆ ಮೇಲೆ ಯಾರು ಬಳಸ್ತಾರೆ, ಕೋಳಿನೇ ಸರಿ.

ಆಮೇಲೆ ಮಾಲೀಕರು ಒಂದು ಟ್ಯಾಂಕ್ ಇಟ್ಟು ಪೈಪ್ ಎಳೆಸಿದರು. ಸೌದೆಗೆ ಬೇರೆ ಶೀಟ್ ಹಾಕಿಕೊಟ್ಟರು. ಕೋಳಿ ತಾನಾಗೇ ಖಾಲಿ ಮಾಡ್ತು.

ನಿವೃತ್ತ_ಹೆಲ್ತ್_ಇನ್ಸ್‌ಪೆಕ್ಟರ್

ಇದನ್ನ ಸಮಿತಿ ತಂಗಿ ಚೆನ್ನಾಗಿ ಗಮನಿಸಬೇಕು. "ಬಳಸಲ್ಲ" ಅಂತ ಕೇಳಿದ ಕೂಡಲೇ ಜನರಿಗೆ ತಿಳುವಳಿಕೆ ಇಲ್ಲ ಅಂತ ತೀರ್ಮಾನಿಸಿ ಬೋರ್ಡ್ ಬರೆಸ್ತಾರೆ. ಇಲ್ಲಿ ಬೇಕಾಗಿದ್ದು ಪೈಪು.

ಗುಂಡಿ ವಿಷಯಕ್ಕೆ ಬಂದರೆ, ನಮ್ಮ ಮಳೆಗೆ ಬಯಲುಸೀಮೆಯ ನಕ್ಷೆ ನಡೆಯಲ್ಲ. ಎರಡು ಗುಂಡಿ ಇರಲಿ, ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ ಮೊದಲನೆಯದನ್ನ ಎರಡು ವರ್ಷ ಮುಟ್ಟಬೇಡಿ, ಅಷ್ಟರಲ್ಲಿ ಹುಳದ ಮೊಟ್ಟೆ ಎಲ್ಲ ಸತ್ತು ಒಣ ಗೊಬ್ಬರ ಆಗ್ತದೆ. ಆಳ ತೋಡೋ ಬದಲು ರಿಂಗನ್ನ ನೆಲಕ್ಕಿಂತ ಮೇಲೆ ಎತ್ತಿ ಸುತ್ತ ಮಣ್ಣು ಏರಿಸಿ, ಮಳೆ ನೀರು ಒಳಗೆ ನುಗ್ಗದ ಹಾಗೆ. ಬಾವಿಯಿಂದ ಕನಿಷ್ಠ 10 ಮೀಟರ್ ದೂರ, ಇಳಿಜಾರಾದರೆ ಬಾವಿಗಿಂತ ಕೆಳಗೆ. ಮಳೆಗಾಲದಲ್ಲಿ ಮೇಲಕ್ಕೇ ನೀರು ಉಕ್ಕೋ ಜಾಗ ಆದರೆ ಅಲ್ಲಿ ಗುಂಡಿ ಬೇಡ, ಬೇರೆ ಜಾಗ ನೋಡಬೇಕು.

ಕುಯ್ಲಿನ ಬ್ಲಾಕಿಗೆ ಪಕ್ಕಾ ಕಟ್ಟಡ ಬೇಡ. ಆಳದ ಗುಂಡಿ, ಮೇಲೆ ಎತ್ತಿ ಸಾಗಿಸಬಹುದಾದ ಚಪ್ಪಡಿ, ನಾಲ್ಕು ಗಳಕ್ಕೆ ಟಾರ್ಪಾಲು, ಪಕ್ಕದಲ್ಲಿ ಬೂದಿ ಬಕೆಟ್, ಕೈ ತೊಳೆಯೋಕೆ ನೀರು. ತೂಕ ಮಾಡೋ ಜಾಗಕ್ಕೆ ಹತ್ತಿರ ಇರಲಿ, ಹೇಗೂ ಎಲ್ಲರೂ ಅಲ್ಲಿಗೆ ಬರ್ತಾರೆ. ಬ್ಲಾಕ್ ಮುಗಿದರೆ ಗುಂಡಿ ಮುಚ್ಚಿ ಚಪ್ಪಡಿ ಮುಂದಕ್ಕೆ.

ಮೇಷ್ಟ್ರು_ವಿರಾಜಪೇಟೆ

ಶಾಲೆಯ ಕಕ್ಕಸನ್ನೂ ಮರೀಬೇಡಿ. ನಮ್ಮಲ್ಲಿ ಹುಡುಗಿಯರ ಶೌಚಾಲಯದ ಕೀ ಸ್ಟಾಫ್ ರೂಮಿನ ಮೊಳೆಯಲ್ಲಿ ನೇತಾಡ್ತಿತ್ತು, ಗಂಡು ಮೇಷ್ಟ್ರುಗಳ ಮುಂದೆ ಬಂದು ಕೇಳಬೇಕು. ಹದಿಮೂರು ವರ್ಷದ ಹುಡುಗಿ ಕೇಳ್ತಾಳಾ? ಹಿಂದಿನ ತೋಟಕ್ಕೇ ಹೋಗ್ತಿದ್ದರು. ಕೀ ತೆಗೆದು ಬೀಗವನ್ನೇ ಬಿಸಾಡಿದ್ವಿ. ಗಲೀಜಾಗ್ತದೆ ಅಂತ ಜಗಳ ಆಯ್ತು, ಸ್ವಲ್ಪ ಗಲೀಜೂ ಆಯ್ತು, ಅದಕ್ಕೆ ಇನ್ನೂ ಪೂರ್ತಿ ದಾರಿ ಸಿಕ್ಕಿಲ್ಲ.

ಸಮಿತಿಗೆ_ಹೊಸಬಳು

ಎಲ್ಲರ ಮಾತು ಕೇಳಿ ಒಂದು ಕರಡು ಬರೆದೆ, ತಿದ್ದಿ. ಮೊದಲು ಈ ತಿಂಗಳು ಲೈನಿನ ಕೆಲವು ಮಕ್ಕಳು, ತಾಯಂದಿರ ತಾಜಾ ಮಲ ಪರೀಕ್ಷೆ. ರಕ್ತ ಕಡಿಮೆ ಇರೋ ಮಕ್ಕಳಿಗೆ ದಿನದ ಚಿಕಿತ್ಸೆ ಶುರು. ಶಾಲೆಯಲ್ಲಿ ಮಾತ್ರೆ ಊಟದ ನಂತರ, ಶೌಚಾಲಯದ ಬೀಗ ತೆಗೆಯೋದು. ಹುಳ ಇದೆ ಅಂತ ಖಾತ್ರಿ ಆದರೆ ಕುಯ್ಲಿಗೆ ಮುಂಚೆ, ಡಾಕ್ಟರ ಒಪ್ಪಿಗೆ ತಗೊಂಡು, ಲೈನಿನ ದೊಡ್ಡವರಿಗೂ ಮಕ್ಕಳಿಗೂ ಒಂದೇ ವಾರದಲ್ಲಿ ಹುಳದ ಮಾತ್ರೆ. ಬಟವಾಡೆ ದಿನ ಹಾಜರಿ ಪುಸ್ತಕದ ಪಕ್ಕದಲ್ಲೇ ಆಶಾ ಅಕ್ಕ ಕೂತರೆ ಯಾರೂ ತಪ್ಪಲ್ಲ ಅಂತ ರೈಟರಣ್ಣ ಫೋನಲ್ಲಿ ಹೇಳಿದರು. ಬ್ಲಾಕಿನಲ್ಲಿ ಸಾಗಿಸೋ ಶೌಚಾಲಯ, ಕುಡಿಯೋ ನೀರು. ಲೈನಿಗೆ ಪೈಪು. ವರ್ಷ ಆದಮೇಲೆ ಇದೇ ತಿಂಗಳು ಮತ್ತೆ ಪರೀಕ್ಷೆ.

ನಮ್ಮ ಸಮಿತಿಗೆ ಬರೋ ಮುಕ್ತ ನಿಧಿ ವರ್ಷಕ್ಕೆ ಹೆಚ್ಚೆಂದರೆ 10,000 ರೂಪಾಯಿ. ಇಷ್ಟರಲ್ಲಿ ಏನೆಲ್ಲ ಆಗ್ತದೆ?

ಲ್ಯಾಬ್_ಅಕ್ಕ

ಬಸುರಿಯರಿಗೆ ಮೊದಲ ಮೂರು ತಿಂಗಳು ಹುಳದ ಮಾತ್ರೆ ಕೊಡಬಾರದು, ಇದನ್ನ ದಪ್ಪ ಅಕ್ಷರದಲ್ಲಿ ಬರಿ. ಬಟವಾಡೆ ಸಾಲಲ್ಲಿ ಎಲ್ಲರ ಮುಂದೆ "ನೀನು ಬಸುರಿಯಾ" ಅಂತ ಕೇಳಿದರೆ ಯಾರೂ ಹೇಳಲ್ಲ. ಹಿಂದಿನ ಸಂಜೆ ಆಶಾ ಲೈನಿಗೆ ಹೋಗಿ ಮೆಲ್ಲಗೆ ವಿಚಾರಿಸಿ ಬರಲಿ.

ನಿವೃತ್ತ_ಹೆಲ್ತ್_ಇನ್ಸ್‌ಪೆಕ್ಟರ್

ಕರಡು ಚೆನ್ನಾಗಿದೆ ತಂಗಿ. ಹತ್ತು ಸಾವಿರದಲ್ಲಿ ಪೈಪು ಎಳೆಯೋಕೆ ಹೋಗಬೇಡ. ಅದು ಬೇರೆಯವರ ಜವಾಬ್ದಾರಿಯನ್ನ ಅವರಿಗೆ ನೆನಪಿಸೋಕೆ ಇರೋ ದುಡ್ಡು: ಸಭೆ ಕರೆಯೋದು, ಮಲ ಪರೀಕ್ಷೆ ಡಬ್ಬಿ, ಮಾದರಿಗೆ ಒಂದು ಚಪ್ಪಡಿ ಮಾಡಿಸಿ ತೋರಿಸೋದು. ತೋಟದಲ್ಲಿ ಕುಡಿಯೋ ನೀರು, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಾಲಯ ಮಾಲೀಕರೇ ಕೊಡಬೇಕು ಅನ್ನೋದು 1951ರ ತೋಟ ಕಾರ್ಮಿಕರ ಕಾಯ್ದೆಯಿಂದ ಬಂದದ್ದು. ಅದೀಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿದೆ. ಮಾತ್ರೆ, ಪರೀಕ್ಷೆ ಆರೋಗ್ಯ ಇಲಾಖೆಯದು. ಶಾಲೆಯ ಬೀಗಕ್ಕೆ ದುಡ್ಡೇ ಬೇಡ.

ರೋಬಸ್ಟಾ_ರಾಜ

ಆ ಹಳೇ ಕಾಯ್ದೆ ಕನಿಷ್ಠ ಐದು ಹೆಕ್ಟೇರ್, ಹದಿನೈದು ಆಳು ಇರೋ ತೋಟಕ್ಕೆ ಸಾರ್. ಕೊಡಗಿನಲ್ಲಿ ಹೆಚ್ಚಿನವರದ್ದು ಸಣ್ಣ ಹಿಡುವಳಿ. ನನ್ನ ಪಕ್ಕದವನಿಗೆ ಮೂರು ಏಕರೆ, ಕುಯ್ಲಿಗೆ ಹತ್ತು ದಿನ ಹೊರಗಿನ ಆಳು ಬರ್ತಾರೆ, ಹೋಗ್ತಾರೆ. ಅವನು ಚಪ್ಪಡಿ ಮಾಡಿಸ್ತಾನಾ? ಅವನ ತೋಟದಲ್ಲಿ ಕುಯ್ದ ಆಳೇ ಮರುದಿನ ನನ್ನಲ್ಲಿ. ನಾನೊಬ್ಬ ಸರಿ ಮಾಡಿದರೆ ಆಯ್ತಾ?

ಹಾಡಿ_ಹುಡುಗ

ಲೈನ್ ಮನೆಯವರಿಗೆ ಸರಕಾರದ ಶೌಚಾಲಯದ ಸಹಾಯಧನನೂ ಸುಲಭಕ್ಕೆ ಸಿಗಲ್ಲ, ಮನೆ ಜಾಗ ಅವರದ್ದಲ್ಲವಲ್ಲ. ಸಣ್ಣ ತೋಟದಲ್ಲಿ ಮಾಲೀಕನದ್ದೂ ಅಲ್ಲ, ಪಂಚಾಯ್ತಿಯದ್ದೂ ಅಲ್ಲ ಅಂತ ನಡುವೆ ಬಿದ್ದುಹೋಗ್ತಾರೆ.

ನಿವೃತ್ತ_ಹೆಲ್ತ್_ಇನ್ಸ್‌ಪೆಕ್ಟರ್

ರಾಜಣ್ಣ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಮೂರ್ನಾಲ್ಕು ಸಣ್ಣ ತೋಟದವರು ಸೇರಿ ಒಂದು ಚಪ್ಪಡಿ ಸೆಟ್ ಇಟ್ಟುಕೊಂಡು, ಕುಯ್ಲಿನ ಸರದಿಯ ಹಾಗೇ ಅದನ್ನೂ ಸಾಗಿಸಬಹುದು ಅನ್ನಿಸ್ತದೆ. ಆಳು ಹಂಚಿಕೊಳ್ಳೋರು ಇದನ್ನೂ ಹಂಚಿಕೊಳ್ಳಲಿ. ಒಪ್ತಾರಾ ಇಲ್ವಾ ಅನ್ನೋದು ನಿಮಗೇ ಗೊತ್ತು.

ರೋಬಸ್ಟಾ_ರಾಜ

ಪವರ್ ಸ್ಪ್ರೇಯರ್ ಹಂಚಿಕೊಳ್ಳೋಕೇ ಜಗಳ ಆಡೋರು ನಾವು. ನೋಡೋಣ. ಸಮಿತಿಯವರೇ, ಗ್ರಾಮಸಭೆಯಲ್ಲಿ ಇದನ್ನ ಇಡೋದಾದರೆ ಕುಯ್ಲು ಶುರು ಆಗೋಕೆ ಮುಂಚೆ ಇಡಿ, ಆಮೇಲೆ ಒಬ್ಬ ಬೆಳೆಗಾರನೂ ಬರಲ್ಲ. ಮತ್ತೆ ರೈಟರೇ, ಚಪ್ಪಡಿ ನಿಮ್ಮಲ್ಲಿ ಯಾರು ಎರಕ ಹಾಕಿದ್ದು, ಎಷ್ಟು ಭಾರ ಬಂತು? ಇಬ್ಬರು ಎತ್ತೋ ಹಾಗಿದ್ದರೆ ನನಗೂ ಎರಡು ಬೇಕು.

ತೋಟದ_ರೈಟರ್

ನಮ್ಮಲ್ಲಿ ಸಿಮೆಂಟಿನದ್ದು ಮಾಡಿ ಸೋತೆವು, ನಾಲ್ಕು ಜನಕ್ಕೂ ಏಳಲಿಲ್ಲ. ಈಗ ಪ್ಲಾಸ್ಟಿಕ್ ಪ್ಯಾನನ್ನ ಹಲಗೆಗೆ ಬಿಗಿದದ್ದು ನಡೀತಿದೆ. ಹಲಗೆ ಒಂದು ಮಳೆಗಾಲ ತಡೀತದಾ ಅಂತ ಇನ್ನೂ ನೋಡಬೇಕು. ಭಾನುವಾರ ಬನ್ನಿ, ತೋರಿಸ್ತೇನೆ.